ಮದ್ದೂರು ದಾಟುವ ಕಾರಿನ ನಂಬರನ್ನು ಕ್ಯಾಮೆರಾ ಹೇಗೆ ಓದುತ್ತದೆ?

ಮದ್ದೂರು ಬಸ್ ನಿಲ್ದಾಣದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಜನರ ತಲೆಗಳ ನಡುವೆ ಬಸ್ಸಿನ ಬೋರ್ಡಿನಲ್ಲಿ ಮೊದಲ ‘ಮ’ ಮತ್ತು ಕೊನೆಯ ‘ಳ್ಳಿ’ ಮಾತ್ರ ಕಾಣುತ್ತಿವೆ. ಅದು ಮಂಡ್ಯ ಬಸ್ಸಲ್ಲ, ಮಳವಳ್ಳಿಯದು ಎಂದು ನಿಮಗೆ ತಕ್ಷಣ ಗೊತ್ತಾಗುತ್ತದೆ. ಕಾಣದ ಅಕ್ಷರಗಳನ್ನು ಮಿದುಳೇ ತುಂಬಿಕೊಂಡಿತು. ಅಲ್ಲೇ ಹತ್ತಿರದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವಾಹನಗಳ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳಿವೆ. ಅವು ನೋಡುವ ರೀತಿ ಏನು?

ಮಂಡ್ಯದಲ್ಲಿ ನೋಂದಣಿಯಾದ ಕಾರಿನ ನಂಬರ್ KA 11 ಎಂದು ಶುರುವಾಗುತ್ತದೆ. ಕಂಪ್ಯೂಟರಿಗೆ ಸಿಗುವುದು ಆ ಅಕ್ಷರಗಳಲ್ಲ, ಬರೀ ಸಂಖ್ಯೆಗಳು. ಚಿತ್ರವೆಂದರೆ ಪುಟ್ಟ ಚೌಕಗಳ ಜಾಲ, ಅಂದರೆ ಪಿಕ್ಸೆಲ್‌ಗಳು. ಕಪ್ಪು–ಬಿಳುಪು ಚಿತ್ರದಲ್ಲಿ ಸಾಮಾನ್ಯವಾಗಿ ಕಡುಕಪ್ಪಿಗೆ 0, ಅಚ್ಚ ಬಿಳುಪಿಗೆ 255. ಒಂದು ಸಾಲಿನಲ್ಲಿ 210, 210, 40, 40 ಎಂದಿದೆ ಎನ್ನಿ. ಪಕ್ಕಪಕ್ಕದವನ್ನು ಕಳೆದರೆ ವ್ಯತ್ಯಾಸ 0, 170, 0. ಆ 170 ಇರುವಲ್ಲಿ ಬಿಳಿ ಪ್ಲೇಟ್ ಮುಗಿದು ಕಪ್ಪು ಅಕ್ಷರ ಶುರುವಾಗಿದೆ. ಹೀಗೆ ಅಂಚುಗಳು, ಅಂಚುಗಳಿಂದ ಗೆರೆ ಮತ್ತು ತಿರುವುಗಳು ಸಿಗುತ್ತವೆ. ಸಾವಿರಾರು ಮಾದರಿಗಳನ್ನು ಕೊಟ್ಟು ಕಲಿಸಿದ ಪ್ರೋಗ್ರಾಂ, ಈ ಆಕಾರ ಯಾವ ಅಕ್ಷರಕ್ಕೆ ಎಷ್ಟು ಹತ್ತಿರ ಎಂದು ಅಂಕ ಕೊಡುತ್ತದೆ.

ಮಜಾ ಏನೆಂದರೆ, ಇಲ್ಲಿಯವರೆಗೆ ನಮ್ಮ ಕಣ್ಣೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತದೆ. ಅಕ್ಷಿಪಟಲದಲ್ಲಿ ಬೆಳಕು ಹಿಡಿಯುವ ಕೋಶಗಳು ಹತ್ತು ಕೋಟಿಗೂ ಹೆಚ್ಚು, ಮಿದುಳಿಗೆ ಹೋಗುವ ನರತಂತುಗಳು ಸುಮಾರು ಹತ್ತು ಲಕ್ಷ. ಹಾಗಾಗಿ ಕಣ್ಣು ಅಕ್ಕಪಕ್ಕದ ಬೆಳಕಿನ ವ್ಯತ್ಯಾಸವನ್ನೇ ಮುಖ್ಯವಾಗಿ ಕಳಿಸುತ್ತದೆ. ದಾರಿ ಬೇರೆಯಾಗುವುದು ಆಮೇಲೆ.

ಧೂಳು ಮೆತ್ತಿದ ಪ್ಲೇಟಿನಲ್ಲಿ 8 ಮತ್ತು B ಒಂದೇ ಥರ ಕಾಣುತ್ತವೆ. ಆಗ ಪ್ರೋಗ್ರಾಂಗೆ ನಾವು ಹೇಳಿಕೊಟ್ಟ ನಿಯಮವೊಂದು ನೆರವಾಗುತ್ತದೆ: KA ಆದ ಮೇಲೆ ಬರುವ ಎರಡೂ ಅಂಕಿಗಳೇ ಆಗಿರಬೇಕು. ಅಲ್ಲಿ B ಇರಲಾರದು, ಹಾಗಾದರೆ ಅದು 8. ಆದರೆ ತಾನು ನೋಡುತ್ತಿರುವುದು ಕಾರನ್ನೇ ಎಂಬ ಅರಿವು ಈ ನಿಯಮದಲ್ಲಿಲ್ಲ.

ಇದರ ಎಡವಟ್ಟು 2021ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ಕಂಡಿತು. ಬಸ್ಸುಗಳಿಗೆ ಮೀಸಲಾದ ರಸ್ತೆಯಲ್ಲಿ ಮಹಿಳೆಯೊಬ್ಬರು ನಡೆದು ಹೋಗುತ್ತಿದ್ದರು. ಅವರ ಅಂಗಿಯ ಮೇಲೆ KNITTER, ಅಂದರೆ ‘ಹೆಣೆಯುವವರು’ ಎಂದು ಬರೆದಿತ್ತು. ಬ್ಯಾಗಿನ ಪಟ್ಟಿ ಅಕ್ಷರಗಳಿಗೆ ಸ್ವಲ್ಪ ಅಡ್ಡವಾಗಿತ್ತು. ಕ್ಯಾಮೆರಾ ಅದನ್ನು KN19 TER ಎಂದು ಓದಿತು. ಎರಡು ಅಕ್ಷರ, ಎರಡು ಅಂಕಿ, ಮೂರು ಅಕ್ಷರ: ಅಲ್ಲಿನ ನಂಬರುಗಳ ಅಚ್ಚಿಗೆ ಸರಿಯಾಗಿ ಕೂತಿತು. ಆ ನಂಬರಿನ ವಾಹನದ ಮಾಲೀಕರಿಗೆ ಬೇರೆ ಊರಿನಲ್ಲಿ ದಂಡದ ನೋಟಿಸ್ ತಲುಪಿತು!

ಫೋಟೊ ತೆಗೆದು ನೋಡಿದ ಕೂಡಲೇ ಗುಟ್ಟು ಬಯಲಾಯಿತು. ನಿಮ್ಮ ಮನೆಗೆ ಇಂಥ ನೋಟಿಸ್ ಬಂದರೂ ಮೊದಲು ನೋಡಬೇಕಾದದ್ದು ಅದರಲ್ಲಿರುವ ಚಿತ್ರವನ್ನೇ. ನಂಬರಿನ ಒಂದೊಂದು ಅಕ್ಷರದ ಜೊತೆಗೆ ಗಾಡಿಯ ಬಣ್ಣ, ಮಾದರಿ ನಿಮ್ಮದೇ ಹೌದೇ ಎಂದು ಹೋಲಿಸಿ.