ಲಾಭ ಬಂತು, ಬಂಡವಾಳ ಕರಗಿತು: 1986ರ ಜನರಲ್ ಮೋಟರ್ಸ್ ಕಥೆ

ಇವತ್ತಿನ ಕಥೆ ಒಂದು ಕಂಪನಿಯ ಒಂದೇ ವರ್ಷದ್ದು. 1986. ಅಮೆರಿಕದ ಜನರಲ್ ಮೋಟರ್ಸ್, ಅಂದ್ರೆ ಜಿಎಂ, ಆ ವರ್ಷ 100 ಬಿಲಿಯನ್ ಡಾಲರಿಗೂ ಹೆಚ್ಚು ವಹಿವಾಟು ಮಾಡಿತು. ಒಂದು ಬಿಲಿಯನ್ ಅಂದ್ರೆ ನಮ್ಮ ಲೆಕ್ಕದಲ್ಲಿ ನೂರು ಕೋಟಿ. ತೆರಿಗೆ ಎಲ್ಲ ಕಳೆದು ಉಳಿದ ಲಾಭ ಸುಮಾರು 2.9 ಬಿಲಿಯನ್ ಡಾಲರ್. ಆದ್ರೆ ಗಾತ್ರದಲ್ಲಿ ತನಗಿಂತ ಎಷ್ಟೋ ಚಿಕ್ಕದಾದ ಫೋರ್ಡ್ ಕಂಪನಿ ಅದೇ ವರ್ಷ ಜಿಎಂಗಿಂತ ಹೆಚ್ಚು ಲಾಭ ಮಾಡಿತು. 1924ರ ನಂತರ ಹಾಗಾಗಿದ್ದು ಅದೇ ಮೊದಲು.

ಹಾಗಿದ್ರೂ 2.9 ಬಿಲಿಯನ್ ಲಾಭ ಲಾಭವೇ ಅಲ್ವಾ ಅಂತ ನೀವು ಕೇಳಬಹುದು. ಇಲ್ಲೇ ಇರೋದು ವಿಷಯ.

ಸ್ವಂತ ಕಟ್ಟಡದಲ್ಲಿ ಹೋಟೆಲ್ ನಡೆಸೋರನ್ನ ನೆನಪಿಸಿಕೊಳ್ಳಿ. ತಿಂಗಳ ಕೊನೆಗೆ ದಿನಸಿ, ಸಂಬಳ, ಕರೆಂಟು ಎಲ್ಲ ಕಳೆದು ಮೂವತ್ತು ಸಾವಿರ ಉಳೀತು ಅಂತ ಖುಷಿಯಾಗಿರ್ತಾರೆ. ಅದೇ ಕಟ್ಟಡವನ್ನ ಬೇರೆಯವರಿಗೆ ಕೊಟ್ಟಿದ್ರೆ ಐವತ್ತು ಸಾವಿರ ಬಾಡಿಗೆ ಬರ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಆ ಐವತ್ತು ಸಾವಿರ ಎಲ್ಲೂ ಕಾಣೋದಿಲ್ಲ, ಯಾಕಂದ್ರೆ ಯಾರೂ ಅದನ್ನ ಕೇಳಿಕೊಂಡು ಬರೋದಿಲ್ಲ. ಕಂಪನಿಗಳ ಲೆಕ್ಕವೂ ಹೀಗೇ. ಬ್ಯಾಂಕಿನ ಸಾಲಕ್ಕೆ ಬಡ್ಡಿಯನ್ನ ಖರ್ಚಿನಲ್ಲಿ ತೋರಿಸ್ತಾರೆ. ಷೇರುದಾರರು ಹಾಕಿದ ದುಡ್ಡಿಗೆ, ಅವರಿಗೆ ಹಂಚದೆ ಕಂಪನಿಯಲ್ಲೇ ಉಳಿಸಿಕೊಂಡ ಲಾಭಕ್ಕೆ, ಏನೂ ಖರ್ಚು ಬರೆಯೋದಿಲ್ಲ. ಆ ದುಡ್ಡು ಪುಕ್ಕಟೆ ಅನ್ನೋ ಹಾಗೆ. ಆ ಬಾಡಿಗೆಯನ್ನೂ ಕಳೆದ ಮೇಲೆ ಉಳಿಯೋದನ್ನ ಎಕನಾಮಿಕ್ ವ್ಯಾಲ್ಯೂ ಆಡೆಡ್, ಅಂದ್ರೆ ಆರ್ಥಿಕ ಮೌಲ್ಯವರ್ಧನೆ ಅಂತಾರೆ. ಚಿಕ್ಕದಾಗಿ ಇವಿಎ.

ಈಗ ಜಿಎಂ ಲೆಕ್ಕ ನೋಡೋಣ. ಪೂರ್ಣ ಇವಿಎ ಲೆಕ್ಕದಲ್ಲಿ ಸಾಲವನ್ನೂ ಸೇರಿಸಿ ಒಟ್ಟು ಬಂಡವಾಳ ತಗೋತಾರೆ. ಜಿಎಂಗೆ ವಾಹನ ಸಾಲ ಕೊಡೋ ದೊಡ್ಡ ಅಂಗಸಂಸ್ಥೆ ಇದ್ದಿದ್ರಿಂದ ಅದು ಗೋಜಲು. ನಾನು ಬರೀ ಷೇರುದಾರರ ಪಾಲನ್ನ ತಗೋತೀನಿ. 1986ರಲ್ಲಿ ಅದು ಪುಸ್ತಕದ ಪ್ರಕಾರ ಸುಮಾರು 30 ಬಿಲಿಯನ್ ಡಾಲರ್. ಆ ವರ್ಷ ಅಮೆರಿಕ ಸರ್ಕಾರದ ಹತ್ತು ವರ್ಷದ ಬಾಂಡಿಗೇ ಶೇ 8ರ ಹತ್ತಿರ ಬಡ್ಡಿ ಸಿಗ್ತಿತ್ತು, ಯಾವ ಅಪಾಯವೂ ಇಲ್ಲದೆ. ಕಾರು ಕಂಪನಿಯ ಷೇರಿಗೆ ದುಡ್ಡು ಹಾಕೋನು ಅದಕ್ಕಿಂತ ಐದು ಶೇಕಡ ಹೆಚ್ಚಿಗೆ ನಿರೀಕ್ಷಿಸ್ತಾನೆ ಅಂದ್ಕೊಳ್ಳಿ. ಶೇ 13. ಇದು ನನ್ನ ಅಂದಾಜು. 30 ಬಿಲಿಯನ್‌ಗೆ ಶೇ 13 ಅಂದ್ರೆ 3.9 ಬಿಲಿಯನ್. ಬಂದ ಲಾಭ 2.9. ಅಂದ್ರೆ ಒಂದು ಬಿಲಿಯನ್ ಡಾಲರ್ ಕೊರತೆ. ನನ್ನ ಅಂದಾಜು ಜಾಸ್ತಿಯಾಯ್ತು ಅಂತ ಶೇ 10ಕ್ಕೆ ಇಳಿಸಿದ್ರೂ ಬಾಡಿಗೆ 3 ಬಿಲಿಯನ್ ಆಗುತ್ತೆ. ಆಗಲೂ ಉಳಿಯೋದು ಏನೂ ಇಲ್ಲ.

ಇದರಲ್ಲಿ ನನಗೆ ತಮಾಷೆಯಾಗಿ ಕಾಣೋದು ಏನು ಗೊತ್ತಾ? ಈ ಲೆಕ್ಕವನ್ನ ಜಿಎಂ ಬೇರೆಯವರಿಂದ ಕಲಿಯಬೇಕಾಗಿರಲಿಲ್ಲ. ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ, ಬಂಡವಾಳದ ಬಡ್ಡಿ ಕಳೆದ ಮೇಲೆ ಉಳಿಯೋದೇ ಉದ್ಯಮಿಯ ನಿಜವಾದ ಗಳಿಕೆ ಅನ್ನೋ ಅರ್ಥದಲ್ಲಿ ಬರೆದಿದ್ರು. ಅದನ್ನ ಕಾರ್ಖಾನೆಗೆ ತಂದವರಲ್ಲಿ ಜಿಎಂ ಮೊದಲ ಸಾಲಿನಲ್ಲಿತ್ತು. 1918ರಲ್ಲಿ ಅಲ್ಲಿ ಅಧಿಕಾರಿಗಳಿಗೆ ಬೋನಸ್ ಯೋಜನೆ ಬಂತು. ಲಾಭದಲ್ಲಿ ಮೊದಲು ಬಂಡವಾಳಕ್ಕೆ ಶೇ 6 ಕಳೀಬೇಕು, ಆಮೇಲೆ ಉಳಿದಿದ್ದರಲ್ಲಿ ಹತ್ತನೇ ಒಂದು ಭಾಗ ಬೋನಸ್‌ಗೆ. 1922ರಲ್ಲಿ ಆ 6 ಅನ್ನ 7ಕ್ಕೆ ಏರಿಸಿದ್ರು. ಇವಿಎ ಅನ್ನೋ ಹೆಸರು ಹುಟ್ಟೋಕೆ ಅರವತ್ತು ವರ್ಷ ಮೊದಲೇ ಅದರ ತಿರುಳು ಜಿಎಂ ಕಡತದಲ್ಲಿತ್ತು.

ಹಾಗಾದ್ರೆ 1980ರ ದಶಕದಲ್ಲಿ ದುಡ್ಡು ಎಲ್ಲಿ ಹೋಯ್ತು? ಆಗ ಮುಖ್ಯಸ್ಥರಾಗಿದ್ದವರು ರೋಜರ್ ಸ್ಮಿತ್. ಜಪಾನಿ ಕಾರುಗಳನ್ನ ಯಂತ್ರಗಳಿಂದ ಸೋಲಿಸಬಹುದು ಅಂತ ಅವರ ನಂಬಿಕೆ. 1984ರಲ್ಲಿ ಸುಮಾರು 2.5 ಬಿಲಿಯನ್ ಕೊಟ್ಟು ಇಡಿಎಸ್ ಅನ್ನೋ ಕಂಪ್ಯೂಟರ್ ಸೇವಾ ಕಂಪನಿ ಕೊಂಡ್ರು. ಮರುವರ್ಷ 5 ಬಿಲಿಯನ್‌ಗೂ ಮೇಲೆ ಕೊಟ್ಟು ಹ್ಯೂಸ್ ಏರ್‌ಕ್ರಾಫ್ಟ್. ಡೆಟ್ರಾಯಿಟ್ ಪಕ್ಕದ ಹ್ಯಾಮ್‌ಟ್ರಾಮಿಕ್‌ನಲ್ಲಿ ರೋಬೋಗಳಿಂದ ತುಂಬಿದ ಹೊಸ ಕಾರ್ಖಾನೆ ಎದ್ದಿತು. ಅಲ್ಲಿ ರೋಬೋಗಳು ಕಾರು ಬಿಟ್ಟು ಒಂದಕ್ಕೊಂದು ಬಣ್ಣ ಬಳಿದುಕೊಂಡವು ಅನ್ನೋ ಕಥೆ ಆಗ ಪತ್ರಿಕೆಗಳಲ್ಲಿ ಬಂತು.

ಇದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜಿಎಂ ಮುಚ್ಚಿದ್ದ ಒಂದು ಹಳೇ ಕಾರ್ಖಾನೆಯನ್ನ ಟೊಯೊಟಾ ಜೊತೆ ಸೇರಿ 1984ರಲ್ಲಿ ಮತ್ತೆ ತೆರೆದ್ರು. ಕಾರ್ಮಿಕರಲ್ಲಿ ಬಹುಪಾಲು ಹಳಬರೇ, ಯಂತ್ರಗಳೂ ಅತ್ಯಾಧುನಿಕ ಅಲ್ಲ. ಬದಲಾಗಿದ್ದು ಕೆಲಸ ಮಾಡೋ ಕ್ರಮ. ಅಲ್ಲಿ ತಯಾರಾದ ಕಾರುಗಳ ಗುಣಮಟ್ಟ ಜಿಎಂನ ಬೇರೆ ಕಾರ್ಖಾನೆಗಳನ್ನ ನಾಚಿಸೋ ಹಾಗಿತ್ತು. ಉತ್ತರ ತನ್ನ ಅಂಗಳದಲ್ಲೇ ಇದ್ರೂ ದುಡ್ಡು ಮಾತ್ರ ರೋಬೋಗಳ ಕಡೆಗೇ ಹೋಗ್ತಾ ಇತ್ತು. ಯಾಕೆ? ನನಗನ್ನಿಸೋದು ಇಷ್ಟು: ವರ್ಷದ ಲಾಭ ಮಾತ್ರ ನೋಡೋರಿಗೆ ಎಂಟು ಬಿಲಿಯನ್ ಹಾಕಿ ಒಂದು ಬಿಲಿಯನ್‌ನಷ್ಟೂ ತರದ ಯೋಜನೆ ಕೂಡ ಲಾಭ ಹೆಚ್ಚಿಸಿದ ಹಾಗೇ ಕಾಣುತ್ತೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಒಂದೇ ವರ್ಷದ ಇವಿಎ ಕಳೆಯುವ ಚಿಹ್ನೆಯಲ್ಲಿ ಬಂದ್ರೆ ಕಂಪನಿ ಹಾಳಾಯ್ತು ಅಂತಲ್ಲ. ಹೊಸ ಕಾರ್ಖಾನೆಯ ಬಾಡಿಗೆ ಮೊದಲ ದಿನದಿಂದ ಶುರುವಾಗುತ್ತೆ, ಕಾರು ಮಾರೋದು ಮೂರು ವರ್ಷ ಆದ ಮೇಲೆ. ಇದರ ಉಲ್ಟಾ ಕೂಡ ನಿಜ. ಸವಕಳಿ ಬರೆದು ಬರೆದು ಪುಸ್ತಕದಲ್ಲಿ ಬೆಲೆಯೇ ಉಳಿಯದ ಹಳೇ ಯಂತ್ರ ಓಡಿಸ್ತಾ ಇದ್ರೆ ಬಾಡಿಗೆ ಕಡಿಮೆ, ಇವಿಎ ಚೆನ್ನಾಗಿ ಕಾಣುತ್ತೆ. ಬೋನಸ್ ಅದಕ್ಕೇ ಕಟ್ಟಿಬಿಟ್ರೆ ಮ್ಯಾನೇಜರ್ ಹೊಸ ಯಂತ್ರ ಕೊಳ್ಳೋದೇ ಇಲ್ಲ. ಹಾಗಾಗಿ ಹಲವು ವರ್ಷ ಸೇರಿಸಿ ನೋಡಬೇಕು: ಹೊಸದಾಗಿ ಎಷ್ಟು ಬಂಡವಾಳ ಹೋಯ್ತು, ಅದರಿಂದ ಏನು ಸಿಕ್ತು.

ಹಾರ್ವರ್ಡ್‌ನ ಮೈಕೆಲ್ ಜೆನ್ಸನ್ 1993ರಲ್ಲಿ ಹಾಗೇ ನೋಡಿದ್ರು. 1980ರಿಂದ 1990ರವರೆಗೆ ಜಿಎಂ ಸಂಶೋಧನೆಗೆ ಮತ್ತು ಸವಕಳಿ ಮೀರಿದ ಬಂಡವಾಳ ವೆಚ್ಚಕ್ಕೆ ಹಾಕಿದ್ದು 67.2 ಬಿಲಿಯನ್ ಡಾಲರ್. ಕೊನೆಯಲ್ಲಿ ಇಡೀ ಕಂಪನಿಯ ಷೇರುಗಳ ಬೆಲೆ 26.2 ಬಿಲಿಯನ್. 1985ರಲ್ಲಿ ಟೊಯೊಟಾ ಮತ್ತು ಹೋಂಡಾ ಎರಡರ ಷೇರು ಬೆಲೆ ಸೇರಿಸಿದ್ರೂ 21.5 ಬಿಲಿಯನ್ ಇತ್ತು ಅಂತ ಅವರೇ ಹೋಲಿಸಿ ತೋರಿಸಿದ್ರು. ಎದುರಾಳಿಗಳಿಬ್ಬರನ್ನೂ ಕೊಂಡುಕೊಂಡು ಇನ್ನೂ ದುಡ್ಡು ಮಿಗ್ತಿತ್ತು!

ಮಾಮೂಲಿ ಲಾಭ-ನಷ್ಟದ ಪಟ್ಟಿಯಲ್ಲಿ ನಷ್ಟ ಕಾಣಿಸಿದ್ದು 1990ರಲ್ಲಿ, ಸ್ಮಿತ್ ನಿವೃತ್ತರಾದ ವರ್ಷ. 1991ರ ಡಿಸೆಂಬರ್‌ನಲ್ಲಿ ಜಿಎಂ 21 ಕಾರ್ಖಾನೆ ಮುಚ್ಚಿ 74,000 ಉದ್ಯೋಗ ಕಡಿತ ಮಾಡೋದಾಗಿ ಘೋಷಿಸಿತು. 1986ರ ಆ ಒಂದು ಬಿಲಿಯನ್ ಕೊರತೆ ಅಷ್ಟು ಮೊದಲೇ ಅಲ್ಲಿ ಕೂತಿತ್ತು.

ಇವಿಎ ಹೆಸರನ್ನ ಟ್ರೇಡ್‌ಮಾರ್ಕ್ ಮಾಡಿ ಜನಪ್ರಿಯ ಮಾಡಿದ್ದು ನ್ಯೂಯಾರ್ಕಿನ ಸ್ಟರ್ನ್ ಸ್ಟೀವರ್ಟ್ ಅನ್ನೋ ಸಲಹಾ ಸಂಸ್ಥೆ. ನಮ್ಮ ಬೆಂಗಳೂರಿನ ಇನ್ಫೋಸಿಸ್ ಕೂಡ ವರ್ಷಗಳ ಕಾಲ ತನ್ನ ವಾರ್ಷಿಕ ವರದಿಯಲ್ಲಿ ಇವಿಎ ಪಟ್ಟಿ ಪ್ರಕಟಿಸಿತ್ತು. ಅಂಥ ಹಳೇ ವರದಿ ಸಿಕ್ಕಿದ್ರೆ ಕೊನೇ ಸಾಲಿನ ಮೊತ್ತಕ್ಕಿಂತ ಮೊದಲು, ಬಂಡವಾಳದ ವೆಚ್ಚ ಅಂತ ಎಷ್ಟು ಶೇಕಡ ಹಿಡಿದಿದ್ದಾರೆ ಅನ್ನೋ ಸಾಲು ಹುಡುಕಿ. ಅದನ್ನ ಎರಡು ಶೇಕಡ ಏರಿಸಿ ಮತ್ತೆ ಲೆಕ್ಕ ಹಾಕಿ, ಆಗಲೂ ಏನಾದ್ರೂ ಉಳಿಯುತ್ತಾ ನೋಡಿ.