ಫೋನ್‌ನಿಂದ ಹಳೆಯ ಮೇಲ್ ಮಾಯವಾಗುತ್ತಿದೆಯೇ? ಪಾಪ್ ಮತ್ತು ಐಮ್ಯಾಪ್ ನಡುವಿನ ವ್ಯತ್ಯಾಸ ಇಲ್ಲಿದೆ

ಫೋನ್‌ನಲ್ಲಿ ಕಳೆದ ಎರಡು ವಾರಗಳ ಮೇಲ್ ಮಾತ್ರ ಕಾಣುತ್ತದೆ, ಅದಕ್ಕಿಂತ ಹಳೆಯದೆಲ್ಲ ಲ್ಯಾಪ್‌ಟಾಪ್‌ನಲ್ಲಷ್ಟೇ ಇದೆ. ಫೋನ್‌ನಲ್ಲಿ ಓದಿ ಮುಗಿಸಿದ ಮೇಲ್ ಲ್ಯಾಪ್‌ಟಾಪ್‌ನಲ್ಲಿ ಮತ್ತೆ ಹೊಸದರಂತೆ ಬಂದು ಕೂರುತ್ತದೆ. ಕಚೇರಿಯ ಇ-ಮೇಲ್ ವಿಳಾಸವನ್ನು ಎರಡೂ ಕಡೆ ಬಳಸುವ ಹಲವರಿಗೆ ಈ ತೊಂದರೆ ಗೊತ್ತು. ಫೋನ್ ಐಮ್ಯಾಪ್ ವಿಧಾನದಲ್ಲೂ ಲ್ಯಾಪ್‌ಟಾಪ್ ಪಾಪ್ ವಿಧಾನದಲ್ಲೂ ಒಂದೇ ಖಾತೆಗೆ ಜೋಡಣೆಯಾಗಿದ್ದರೆ ಹೀಗಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಇವು IMAP ಮತ್ತು POP3 ಎಂದು ಕಾಣುತ್ತವೆ.

ವ್ಯತ್ಯಾಸ ಏನು?

ಪಾಪ್ 1984ರಲ್ಲಿ ರೂಪುಗೊಂಡ ವಿಧಾನ. ಸರ್ವರ್‌ಗೆ ಸಂಪರ್ಕಿಸುವುದು, ಇನ್‌ಬಾಕ್ಸ್‌ನಲ್ಲಿರುವ ಮೇಲ್ ಇಳಿಸಿಕೊಳ್ಳುವುದು, ಬಳಿಕ ಸರ್ವರ್‌ನಿಂದ ಅಳಿಸುವುದು ಇದರ ಮೂಲ ಕ್ರಮ. ಅಂಚೆ ಕಚೇರಿಯ ಪೆಟ್ಟಿಗೆಯಿಂದ ಪತ್ರ ತೆಗೆದುಕೊಂಡು ಮನೆಗೆ ಹೋದಂತೆ. ಇನ್‌ಬಾಕ್ಸ್ ಬಿಟ್ಟು ಬೇರೆ ಫೋಲ್ಡರ್ ಪಾಪ್‌ಗೆ ಕಾಣುವುದಿಲ್ಲ. ಒಂದು ಮೇಲ್ ಓದಲಾಗಿದೆ ಅಥವಾ ಉತ್ತರಿಸಲಾಗಿದೆ ಎಂಬ ಗುರುತನ್ನು ಸರ್ವರ್‌ಗೆ ತಿಳಿಸುವ ವ್ಯವಸ್ಥೆಯೂ ಇದರಲ್ಲಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ ಐಮ್ಯಾಪ್ ಇದಕ್ಕೆ ತದ್ವಿರುದ್ಧ. ಇಲ್ಲಿ ಮೂಲ ಪ್ರತಿ ಸರ್ವರ್‌ನಲ್ಲೇ ಇರುತ್ತದೆ. ಫೋನ್ ಮತ್ತು ಲ್ಯಾಪ್‌ಟಾಪ್ ತೋರಿಸುವುದು ಅದರ ನಕಲನ್ನು. ಫೋನ್‌ನಲ್ಲಿ ಮೇಲ್ ತೆರೆದರೆ 'ಓದಲಾಗಿದೆ' ಎಂಬ ಗುರುತು ಸರ್ವರ್‌ಗೆ ಹೋಗುತ್ತದೆ, ಲ್ಯಾಪ್‌ಟಾಪ್ ಅದನ್ನು ಅಲ್ಲಿಂದ ತಿಳಿದುಕೊಳ್ಳುತ್ತದೆ. ಕಳುಹಿಸಿದ ಮೇಲ್‌ನ ಪ್ರತಿಯೂ ಸರ್ವರ್‌ನ ಫೋಲ್ಡರ್‌ನಲ್ಲೇ ಉಳಿಯುವುದರಿಂದ ಎರಡೂ ಕಡೆ ಸಿಗುತ್ತದೆ.

14 ದಿನಗಳ ಲೆಕ್ಕ

ಥಂಡರ್‌ಬರ್ಡ್‌ನಂತಹ ತಂತ್ರಾಂಶದ ಪಾಪ್ ಸೆಟ್ಟಿಂಗ್ಸ್‌ನಲ್ಲಿ "Leave messages on server" ಎಂಬ ಆಯ್ಕೆ, ಅದರ ಕೆಳಗೆ ದಿನಗಳ ಮಿತಿ ಇರುತ್ತದೆ. ಅಲ್ಲಿ 14 ದಿನ ಎಂದಿದೆ ಎಂದುಕೊಳ್ಳಿ. ಜೂನ್ 1ರಂದು ಗ್ರಾಹಕರೊಬ್ಬರು ಬಿಲ್ ಕಳುಹಿಸುತ್ತಾರೆ, ಲ್ಯಾಪ್‌ಟಾಪ್ ಅಂದೇ ಅದನ್ನು ಇಳಿಸಿಕೊಳ್ಳುತ್ತದೆ. ಮುಂದಿನ ಎರಡು ವಾರ ಬಿಲ್ ಫೋನ್‌ನಲ್ಲೂ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಅವಧಿ ಮುಗಿದ ಮೇಲೆ ಲ್ಯಾಪ್‌ಟಾಪ್ ಮೇಲ್ ಪರಿಶೀಲಿಸಿದಾಗ ಬಿಲ್ ಸರ್ವರ್‌ನಿಂದ ಅಳಿಸಿಹೋಗುತ್ತದೆ. ಐಮ್ಯಾಪ್‌ನಲ್ಲಿರುವ ಫೋನ್ ಸರ್ವರ್‌ನ ನಕಲಾದ್ದರಿಂದ ಅಲ್ಲಿಂದಲೂ ಮಾಯವಾಗುತ್ತದೆ. ಈಗ ಉಳಿದ ಪ್ರತಿ ಲ್ಯಾಪ್‌ಟಾಪ್‌ನದ್ದೊಂದೇ. ಅದರ ಡಿಸ್ಕ್ ಕೆಟ್ಟರೆ ಬಿಲ್ ಕೂಡ ಹೋದಂತೆ.

ಖಚಿತಪಡಿಸಿಕೊಳ್ಳುವುದು ಹೇಗೆ?

ಕಾಣೆಯಾದ ಮೇಲ್ ಅನ್ನು ಬ್ರೌಸರ್‌ನಲ್ಲಿ, ಅಂದರೆ ವೆಬ್‌ಮೇಲ್‌ನಲ್ಲಿ ಹುಡುಕಿ. ಅಲ್ಲಿ ಸಿಕ್ಕರೆ ಪಾಪ್ ಕಾರಣವಲ್ಲ. ಕೆಲವು ಫೋನ್ ಆ್ಯಪ್‌ಗಳು ಇತ್ತೀಚಿನ ಕೆಲವೇ ದಿನಗಳ ಮೇಲ್ ತರುತ್ತವೆ, ಆ ದಿನಗಳ ಸಂಖ್ಯೆ ಹೆಚ್ಚಿಸಿದರೆ ಸಾಕು. ವೆಬ್‌ಮೇಲ್‌ನಲ್ಲೂ ಇಲ್ಲದೆ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದ್ದರೆ ಅಲ್ಲಿನ ಖಾತೆ ಪಾಪ್ ಆಗಿರುವ ಸಾಧ್ಯತೆಯೇ ಹೆಚ್ಚು. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಪೋರ್ಟ್ ಸಂಖ್ಯೆ 995 ಅಥವಾ 110 ಎಂದಿದ್ದರೆ ಅದು ಪಾಪ್, 993 ಅಥವಾ 143 ಎಂದಿದ್ದರೆ ಐಮ್ಯಾಪ್.

ಬದಲಾಯಿಸುವಾಗ ಎಚ್ಚರ

ಥಂಡರ್‌ಬರ್ಡ್‌ನಲ್ಲಿ ಇರುವ ಪಾಪ್ ಖಾತೆಯನ್ನೇ ಐಮ್ಯಾಪ್ ಆಗಿ ಬದಲಿಸಲು ಬರುವುದಿಲ್ಲ. ಹಾಗೆಂದು ಹಳೆಯ ಖಾತೆಯನ್ನು ಮೊದಲೇ ಅಳಿಸಬೇಡಿ, ಏಕೆಂದರೆ ಹಳೆಯ ಮೇಲ್ ಇರುವುದೇ ಅದರಲ್ಲಿ. ಮೊದಲು ಪಾಪ್ ಖಾತೆ ತಾನಾಗಿಯೇ ಮೇಲ್ ಪರಿಶೀಲಿಸುವುದನ್ನು ನಿಲ್ಲಿಸಿ. ನಂತರ ಅದೇ ವಿಳಾಸವನ್ನು ಐಮ್ಯಾಪ್ ಖಾತೆಯಾಗಿ ಸೇರಿಸಿ. ಈಗ ಎರಡು ಖಾತೆಗಳೂ ಅಕ್ಕಪಕ್ಕ ಕಾಣುತ್ತವೆ.

ಹಳೆಯ ಖಾತೆಯಿಂದ ಸರ್ವರ್‌ನಲ್ಲಿಲ್ಲದ ಮೇಲ್‌ಗಳನ್ನಷ್ಟೇ ಆರಿಸಿ ಐಮ್ಯಾಪ್ ಫೋಲ್ಡರ್‌ಗೆ ಕಾಪಿ ಮಾಡಿ, ಮೂವ್ ಮಾಡಬೇಡಿ. ಎಲ್ಲವನ್ನೂ ಕಾಪಿ ಮಾಡಿದರೆ ಇತ್ತೀಚಿನ ಮೇಲ್‌ಗಳು ಎರಡೆರಡಾಗುತ್ತವೆ. ಇವೆಲ್ಲ ಸರ್ವರ್‌ಗೆ ಅಪ್‌ಲೋಡ್ ಆಗುವುದರಿಂದ ಅಲ್ಲಿ ಸಾಕಷ್ಟು ಜಾಗ ಇದೆಯೇ ಎಂದು ಮೊದಲೇ ನೋಡಿ, ಕೆಲವು ನೂರರಂತೆ ಕಂತುಗಳಲ್ಲಿ ಕಳುಹಿಸಿ. ಕಳುಹಿಸಿದ ಮೇಲ್‌ಗಳ ಫೋಲ್ಡರ್‌ಗೂ ಇದೇ ಕ್ರಮ. ಎಲ್ಲವೂ ವೆಬ್‌ಮೇಲ್‌ನಲ್ಲಿ ತೆರೆಯುತ್ತಿವೆ ಎಂದು ಖಾತ್ರಿಯಾದ ಬಳಿಕವಷ್ಟೇ ಪಾಪ್ ಖಾತೆ ತೆಗೆಯಿರಿ.

ಐಮ್ಯಾಪ್‌ಗೆ ಬಂದ ಮೇಲೆ ಒಂದು ವಿಷಯ ನೆನಪಿರಲಿ. ಫೋನ್‌ನಲ್ಲಿ ಅಳಿಸಿದ ಮೇಲ್ ಲ್ಯಾಪ್‌ಟಾಪ್‌ನಿಂದಲೂ ಹೋಗುತ್ತದೆ. ಟ್ರ್ಯಾಶ್ ಖಾಲಿಯಾದರೆ ಅದು ಎಲ್ಲೂ ಉಳಿಯುವುದಿಲ್ಲ. ಹೀಗಾಗಿ ಐಮ್ಯಾಪ್ ಬ್ಯಾಕಪ್ ಅಲ್ಲ. ಬಿಲ್, ಒಪ್ಪಂದದಂತಹ ಮುಖ್ಯ ಮೇಲ್‌ಗಳ ಪ್ರತಿಯನ್ನು ಲ್ಯಾಪ್‌ಟಾಪ್‌ನ "Local Folders"ಗೂ ಕಾಪಿ ಮಾಡಿಟ್ಟುಕೊಳ್ಳಿ.