ಸಾಲಿಗೊಂದು ಚಿತ್ರ, ಚಿತ್ರಕ್ಕೊಂದು ನಡೆ

ದಾದಾಸಾಹೇಬ್ ಫಾಲ್ಕೆ ಹುಟ್ಟಿದ್ದು 1870ರಲ್ಲಿ, ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರದಲ್ಲಿ. 'ರಾಜಾ ಹರಿಶ್ಚಂದ್ರ' ತೆಗೆಯುವ ಮೊದಲು ಅವರು ಬಟಾಣಿ ಕಾಳೊಂದು ಮೊಳೆತು ಬಳ್ಳಿಯಾಗುವುದನ್ನು ಬಿಡಿಬಿಡಿ ಫ್ರೇಮ್‌ಗಳಲ್ಲಿ ಸೆರೆಹಿಡಿದರು. 1915ರಲ್ಲಿ ಬೆಂಕಿಕಡ್ಡಿಗಳೇ ಓಡಾಡುವ 'ಆಗಕಾಡ್ಯಾಂಚಿ ಮೌಜ್' ಮಾಡಿದರು. ಒಂದು ಫ್ರೇಮ್ ತೆಗೆದು, ವಸ್ತುವನ್ನು ತುಸು ಸರಿಸಿ, ಮತ್ತೊಂದು ತೆಗೆಯುವುದು ಅಲ್ಲಿನ ವಿಧಾನ. ನೋಡುಗರನ್ನು ಹಿಡಿದಿಟ್ಟದ್ದು ಚಲನೆಯ ಬೆರಗೇ.

ಆ ಚಲನೆಗೆ ಮಾತಿನ ಅರ್ಥ ಬೆಸೆದದ್ದು ಆಮೇಲೆ. ವಿಜಯಾ ಮುಳೆ ನಿರ್ದೇಶಿಸಿ, ಭೀಮಸೇನ್ ಅನಿಮೇಷನ್ ಮಾಡಿದ 'ಏಕ್ ಅನೇಕ್ ಔರ್ ಏಕತಾ' 1974ರಲ್ಲಿ ಬಂತು. ದೂರದರ್ಶನದ ಕಾಲದ ಮಕ್ಕಳಿಗೆ ಅದರ ಹಾಡು ಬಾಯಿಪಾಠ. 'ಏಕತೆ' ಎನ್ನುವುದನ್ನು ಬರೆದು ತೋರಿಸಲಾಗದು. ಹಕ್ಕಿಗಳು ಒಟ್ಟಾಗಿ ಬಲೆಯನ್ನೇ ಹೊತ್ತು ಹಾರಿದಾಗ ಅದು ಮಗುವಿಗೂ ಕಾಣುತ್ತದೆ.

ಜಪಾನಿನ ಕಿಹಾಚಿರೊ ಕವಾಮೊಟೊ 2003ರಲ್ಲಿ ಇನ್ನೂ ಮುಂದೆ ಹೋದರು. ಬಾಶೋ ಮತ್ತು ಗೆಳೆಯರು 1684ರಲ್ಲಿ ಸರದಿಯ ಮೇಲೆ ಕಟ್ಟಿದ 36 ಪದ್ಯಗಳ ಮಾಲೆಯನ್ನು ಅವರು ಹಲವು ದೇಶಗಳ 35 ಕಲಾವಿದರಿಗೆ ಹಂಚಿ 'ವಿಂಟರ್ ಡೇಸ್' ಚಿತ್ರ ಮಾಡಿಸಿದರು. ಮೊದಲ ಪದ್ಯ ರಷ್ಯಾದ ಯೂರಿ ನೋರ್‌ಸ್ಟೈನ್ ಅವರ ಪಾಲಿಗೆ ಬಂತು. ಪದ್ಯ ಬದಲಾದಂತೆ ಶೈಲಿಯೂ ಬದಲಾಗುವುದರಿಂದ, ಪುಟ್ಟ ಪದ್ಯವೊಂದನ್ನು ಎಷ್ಟು ಬಗೆಯಲ್ಲಿ ಓದಬಹುದು ಎಂಬುದಕ್ಕೆ ಆ ಚಿತ್ರ ಒಳ್ಳೆಯ ಪಾಠ.

ಕನ್ನಡದಲ್ಲಿ ಈ ಕೆಲಸ ಹೆಚ್ಚಾಗಿ ಬೆಳೆದಿರುವುದು ಶಿಶುಗೀತೆಯ ವಿಡಿಯೊಗಳಲ್ಲಿ. ಪುಣ್ಯಕೋಟಿಯ ಕಥನಗೀತೆಯನ್ನು ಆಧರಿಸಿ ಬೆಂಗಳೂರಿನ ರವಿಶಂಕರ್ ಸಂಸ್ಕೃತದಲ್ಲಿ ಪೂರ್ಣ ಪ್ರಮಾಣದ ಅನಿಮೇಷನ್ ಚಿತ್ರವನ್ನೂ ಮಾಡಿದ್ದಾರೆ. ಆದರೆ ಸಣ್ಣ ಪದ್ಯದ ಕಷ್ಟವೇ ಬೇರೆ. ಕಥೆ ಬೆಳೆಸಲು ಅಲ್ಲಿ ಜಾಗವಿಲ್ಲ. ಪ್ರತಿ ಸಾಲಿಗೂ ಕೆಲವೇ ಸೆಕೆಂಡು.

ಜಿ. ಪಿ. ರಾಜರತ್ನಂ ಅವರ 'ತುತ್ತೂರಿ'ಯನ್ನೇ ತೆಗೆದುಕೊಳ್ಳಬಹುದು. ಹುಡುಗನೊಬ್ಬ ತಗಡಿನ ತುತ್ತೂರಿ ಕೊಂಡು, ಊದಿ, ಬೀಗುತ್ತಾನೆ. ಅದು ಕೊಳಕ್ಕೆ ಬಿದ್ದು ದನಿಯನ್ನೂ ಬಣ್ಣವನ್ನೂ ಕಳೆದುಕೊಳ್ಳುತ್ತದೆ. ಹದಿನಾರು ಸಾಲು. ಸಾಲಿಗೆ 4 ಸೆಕೆಂಡಿನಂತೆ ಹಾಡಿದರೆ 64 ಸೆಕೆಂಡು. ಸೆಕೆಂಡಿಗೆ 24 ಫ್ರೇಮ್, ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುವುದು ರೂಢಿ. ಹಾಗಾಗಿ ಸಾಲಿಗೆ 48 ಚಿತ್ರ, ಒಟ್ಟು 768.

ಬರೆಯಲು ಕೂರುವ ಮೊದಲು ಹಾಡನ್ನು ಧ್ವನಿಮುದ್ರಿಸಿ, ಯಾವ ಮಾತು ಯಾವ ಫ್ರೇಮಿನಲ್ಲಿ ಬರುತ್ತದೆ ಎಂದು ಎಕ್ಸ್‌ಪೋಷರ್ ಶೀಟಿನಲ್ಲಿ ಗುರುತಿಸಬೇಕು. ಇದನ್ನು ಬಿಟ್ಟು ಚಿತ್ರ ಮೊದಲು ಮಾಡಿದರೆ, ತುತ್ತೂರಿ ನೀರಿಗೆ ಬೀಳುವ ಹೊತ್ತಿಗೆ ಗಾಯಕಿ ಮುಂದಿನ ಸಾಲಿಗೆ ಹೋಗಿರುತ್ತಾಳೆ. ಬೀಳುವ ಚಿತ್ರ ಆ ಮಾತಿಗಿಂತ ಎರಡು ಫ್ರೇಮ್ ಮೊದಲು ಬಂದರೆ ಕಣ್ಣಿಗೆ ಸರಿಯೆನಿಸುತ್ತದೆ. ತಡವಾದರೆ ಎಳೆದಂತೆ ಕಾಣುತ್ತದೆ.

ಕೊಳ್ಳುವುದು, ಊದುವುದು, ಬೀಳುವುದು ಕಣ್ಣಿಗೆ ಕಾಣುವ ಕ್ರಿಯೆಗಳು. ಇದ್ದಂತೆ ಬರೆದರೆ ಸಾಕು. ತೊಡಕು ಹುಡುಗನನ್ನು ಜಂಬದ ಕೋಳಿಗೆ ಹೋಲಿಸುವಲ್ಲಿ. ಅಲ್ಲಿ ನಿಜವಾದ ಕೋಳಿಯೊಂದನ್ನು ಬೀದಿಗೆ ತಂದರೆ ಪುಟ್ಟ ಮಗು ಅದನ್ನು ಕಥೆಯ ಹೊಸ ಪಾತ್ರ ಎಂದುಕೊಳ್ಳುತ್ತದೆ, ಕೊನೆಯವರೆಗೂ ಅದನ್ನೇ ಹುಡುಕುತ್ತದೆ. ಉಪಮೆಯನ್ನು ಹುಡುಗನ ಮೈಗೆ ಇಳಿಸುವುದು ಮೇಲು: ಎದೆ ಮುಂದೆ, ಕತ್ತು ಹಿಂದೆಮುಂದೆ, ಪ್ರತಿ ಹೆಜ್ಜೆಗೂ ಮೊಣಕಾಲು ಎತ್ತರಕ್ಕೆ. ಕೊನೆಯ ಸಾಲುಗಳಲ್ಲಿ ಅದೇ ಹುಡುಗ ಎದೆ ಕುಸಿದು, ಕಾಲೆಳೆದುಕೊಂಡು ನಡೆದರೆ ಜಂಬ ಇಳಿದದ್ದನ್ನು ಬೇರೆ ಹೇಳಬೇಕಿಲ್ಲ.

ಬಣ್ಣ ನೀರುಪಾಲಾಗುವುದು ಅನಿಮೇಷನ್ನಿಗೇ ಒದಗಿಬಂದ ಸಾಲು. ಕೆಂಪು, ಹಳದಿ ನೀರಿನಲ್ಲಿ ಹರಡುತ್ತಾ ತುತ್ತೂರಿ ಬರಿಯ ತಗಡಾಗುವುದನ್ನು ಪೂರಾ 4 ಸೆಕೆಂಡು ತೋರಿಸಬಹುದು. ಇದು ಎದ್ದು ಕಾಣಬೇಕಾದರೆ ಹಿಂದಿನ ದೃಶ್ಯಗಳ ಹಿನ್ನೆಲೆ ಮಾಸಲಾಗಿರಬೇಕು; ಎಲ್ಲೆಲ್ಲೂ ಗಾಢ ಬಣ್ಣ ಬಳಿದಿದ್ದರೆ ತುತ್ತೂರಿ ಕಳೆದುಕೊಂಡದ್ದು ಯಾರ ಕಣ್ಣಿಗೂ ಬೀಳದು.

ಸಿದ್ಧವಾದ ವಿಡಿಯೊವನ್ನು ಪರೀಕ್ಷಿಸುವುದು ಸುಲಭ. ಧ್ವನಿ ಮುಚ್ಚಿ ತೋರಿಸಿದಾಗಲೂ ಮಗು ಕಥೆ ಹೇಳಬೇಕು. ಧ್ವನಿ ತೆರೆದಾಗ, ಬರಿಯ ಕಿವಿಗೆ ಸಿಗದ ಏನೋ ಒಂದು ಕಣ್ಣಿಗೆ ಸಿಗಬೇಕು. ಇಂದಿನ ಎಷ್ಟೋ ಶಿಶುಗೀತೆಗಳು ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋಲುತ್ತವೆ: ಹೆಸರು ಕೇಳಿದ ಕೂಡಲೇ ವಸ್ತು ಪರದೆಗೆ ಬಂದು ಕುಣಿಯುತ್ತದೆ, ಅಷ್ಟೇ. ಕನ್ನಡದ ಅನಿಮೇಷನ್ ತಂಡಗಳು ಸಾಲಿನ ನಾಮಪದವನ್ನು ಬಿಟ್ಟು ಕ್ರಿಯಾಪದವನ್ನು ಚಿತ್ರಿಸಲು ಮೊದಲು ಕಲಿಯಬೇಕು.